ಟ್ರಿಬ್ಯೂನಲ್ ಆದೇಶದ ಸಾರಾಂಶ: ನೋಟು ರದ್ದತಿ ವೇಳೆ ಖಾತೆಗೆ ಕಟ್ಟಿದ ಅಡಿಕೆ ಹಣ (ಅಸೆಸ್‌ಮೆಂಟ್ ವರ್ಷ 2017–18)

ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಬೆಂಗಳೂರು ಪೀಠದಿಂದ ನಿಮ್ಮ ಕೇಸಿನ ಆದೇಶ ಬಂದಿದೆ. ಮನೆಯವರೆಲ್ಲ ಓದಿಕೊಳ್ಳಲಿ ಎಂದು ಕನ್ನಡದಲ್ಲಿ ಬರೆದಿದ್ದೇನೆ. ಫಲಿತಾಂಶ ಮೊದಲು: ಇಲಾಖೆ ಆದಾಯಕ್ಕೆ ಸೇರಿಸಿದ್ದ 12,40,000 ರೂಪಾಯಿಯಲ್ಲಿ 3,60,000 ರದ್ದಾಗಿದೆ. 7,90,000 ಮರುಪರಿಶೀಲನೆಗೆ ಹೋಗಿದೆ. 90,000 ನಿಮ್ಮ ಮೇಲೆ ಉಳಿದಿದೆ. ಅಂದರೆ ಮೇಲ್ಮನವಿ ಭಾಗಶಃ ನಿಮ್ಮ ಪರ.

ಅಸೆಸ್‌ಮೆಂಟ್

2016ರ ನವೆಂಬರ್ 9ರಿಂದ ಡಿಸೆಂಬರ್ 30ರೊಳಗೆ ನೀವು ಖಾತೆಗೆ 16,90,000 ರೂಪಾಯಿ ಹಳೇ ನೋಟು ಕಟ್ಟಿದ್ದಿರಿ. ಅಸೆಸಿಂಗ್ ಅಧಿಕಾರಿ ಆರು ಎಕರೆ ತೋಟದ ಪಹಣಿ ನೋಡಿ, ಖರ್ಚು ಕಳೆದು 4,50,000 ರೂಪಾಯಿ ಕೃಷಿ ಆದಾಯ ಎಂದು ಅಂದಾಜಿನ ಮೇಲೆ ಒಪ್ಪಿದರು. ಉಳಿದದ್ದಕ್ಕೆ ಮಾರಾಟದ ದಾಖಲೆ ಇಲ್ಲವೆಂದು, 2019ರ ಡಿಸೆಂಬರ್‌ನಲ್ಲಿ ಸೆಕ್ಷನ್ 69ಎ ಅಡಿ ಅದನ್ನು ವಿವರಣೆಯಿಲ್ಲದ ಹಣ ಎಂದು ಸೇರಿಸಿದರು. ದರ ಸೆಕ್ಷನ್ 115ಬಿಬಿಇ ಪ್ರಕಾರ: ಶೇ 60 ತೆರಿಗೆ, ಅದರ ಮೇಲೆ ಶೇ 25 ಸರ್‌ಚಾರ್ಜ್, ಶೇ 3 ಸೆಸ್. ಒಟ್ಟು ಶೇ 77.25. ಬಡ್ಡಿ ಬಿಟ್ಟು 9,57,900 ರೂಪಾಯಿ! ದುಡಿದು ಬೆಳೆದ ಅಡಿಕೆಯ ಹಣಕ್ಕೆ ಇಷ್ಟು ತೆರಿಗೆ ಬಿದ್ದರೆ ಯಾರಿಗಾದರೂ ನಿದ್ದೆ ಬರುವುದಿಲ್ಲ.

ಮೊದಲ ಮೇಲ್ಮನವಿಯ ನೋಟಿಸ್‌ಗಳು ನಿಮ್ಮ ಹಳೇ ಅಕೌಂಟೆಂಟರ ಇಮೇಲ್‌ಗೆ ಹೋಗಿದ್ದವು. ಉತ್ತರ ಬರಲಿಲ್ಲವೆಂದು 2024ರಲ್ಲಿ ಅದು ವಜಾ ಆಯಿತು.

ನಾವು ಎತ್ತಿದ ಆಧಾರಗಳು

ನಿಮ್ಮ ಮಾತು ಕೇಳದೆ, ಸೆಕ್ಷನ್ 250(6) ಹೇಳುವಂತೆ ಕಾರಣ ಕೊಡದೆ ಮೇಲ್ಮನವಿ ವಜಾ ಮಾಡಿದ್ದು ಸರಿಯಲ್ಲ ಎಂಬುದು ಮೊದಲನೆಯದು. ಹಣದ ಮೂಲ ಇದೆ ಎಂಬುದು ಎರಡನೆಯದು: ಅಡಿಕೆ ಮಾರಿದ 7,90,000, ಮನೆ ರಿಪೇರಿಗೆಂದು ಆಗಸ್ಟ್‌ನಲ್ಲಿ ಇದೇ ಖಾತೆಯಿಂದ ತೆಗೆದ 2,60,000, ಅಮ್ಮ ಮತ್ತು ಹೆಂಡತಿಯ ಉಳಿತಾಯ 1,90,000. ಶೇ 60ರ ದರ ಈ ವರ್ಷಕ್ಕೆ ಅನ್ವಯಿಸದು ಎಂಬುದು ಕೊನೆಯದು.

ಮೇಲ್ಮನವಿ 94 ದಿನ ತಡವಾಗಿತ್ತು. ತಾಂತ್ರಿಕ ಕಾರಣಕ್ಕಿಂತ ನ್ಯಾಯ ದೊಡ್ಡದು ಎಂಬ ಸುಪ್ರೀಂ ಕೋರ್ಟಿನ 1987ರ ಕಾತಿಜಿ ತೀರ್ಪಿನ ಮೇಲೆ ನ್ಯಾಯಮಂಡಳಿ ಅದನ್ನು ಮನ್ನಿಸಿತು.

ನ್ಯಾಯಮಂಡಳಿ ಏಕೆ ಹೀಗೆ ಹೇಳಿತು

ಆದೇಶದ ಜೀವಾಳ ಅಡಿಕೆ ಹಣದ ಭಾಗ. 2015ರ ಏಪ್ರಿಲ್‌ನಿಂದ 2016ರ ಅಕ್ಟೋಬರ್‌ವರೆಗಿನ ಮಂಡಿ ಪಟ್ಟಿಗಳನ್ನು ನಾವು ಇಲ್ಲಿಯೇ ಮೊದಲ ಸಲ ಕೊಟ್ಟಿದ್ದು. ಹೊಸ ಸಾಕ್ಷ್ಯವನ್ನು ನಿಯಮ 29ರ ಅಡಿ ಸ್ವೀಕರಿಸಿದರು. ಬೆಳೆಗಾರ ಅಡಿಕೆಯನ್ನು ದಾಸ್ತಾನಿಟ್ಟು, ದರ ನೋಡಿ ಮಾರುವುದು ಸಹಜ ಎಂದು ಒಪ್ಪಿದರು. ಒಂದು ವರ್ಷದ ಅಂದಾಜು ಲೆಕ್ಕದಲ್ಲಿ ಇಡೀ ಮಾರಾಟವನ್ನು ಅಳೆಯಬಾರದು ಎಂದೂ ಹೇಳಿದರು. ಈ ಮಾತು ನಮಗೆ ಮುಂದೆ ತುಂಬಾ ಬೇಕಾಗುತ್ತದೆ. ಆದರೆ ಪಟ್ಟಿ ಇದ್ದ ಮಾತ್ರಕ್ಕೆ ಮುಗಿಯಲಿಲ್ಲ. ಮಾರಾಟ ಆದದ್ದು ಬೇರೆ, ಆ ನಗದು ನವೆಂಬರ್‌ವರೆಗೆ ಖರ್ಚಾಗದೆ ಕೈಯಲ್ಲಿ ಉಳಿದದ್ದು ಬೇರೆ. ಇವೆರಡನ್ನೂ ಅಧಿಕಾರಿಯೇ ನೋಡಲಿ ಎಂದು ವಾಪಸ್ ಕಳಿಸಿದ್ದಾರೆ. ನನ್ನ ಮಟ್ಟಿಗೆ ಇದು ನ್ಯಾಯವಾದ ಮಾತೇ.

ಖಾತೆಯಿಂದ ತೆಗೆದ 2,60,000 ಬೇರೆಡೆ ಖರ್ಚಾಗಿದೆ ಎಂದು ಇಲಾಖೆ ತೋರಿಸಲಿಲ್ಲ. ಅದು ಪೂರ್ತಿ ರದ್ದು. ಹೆಂಗಸರ ಉಳಿತಾಯಕ್ಕೆ ಅಫಿಡವಿಟ್ ಇರಲಿಲ್ಲ. ಆದರೂ ಕೃಷಿ ಕುಟುಂಬದಲ್ಲಿ ಇಂಥ ಉಳಿತಾಯ ಇದ್ದೇ ಇರುತ್ತದೆ ಎಂದು 1,00,000 ಒಪ್ಪಿ, 90,000 ಉಳಿಸಿದರು.

ದರದ ಪ್ರಶ್ನೆಗೆ ಪೀಠ ಉತ್ತರ ಕೊಟ್ಟಿಲ್ಲ. ಕಾನೂನಿನಂತೆ ಅಧಿಕಾರಿಯೇ ತೀರ್ಮಾನಿಸಬೇಕು ಎಂದಷ್ಟೇ ಇದೆ. ಶೇ 60ರ ಹೊಸ ದರ 2017ರ ಏಪ್ರಿಲ್ 1ರ ನಂತರದ ವ್ಯವಹಾರಗಳಿಗೆ ಮಾತ್ರ ಎಂದು ಮದ್ರಾಸ್ ಹೈಕೋರ್ಟ್ 2024ರಲ್ಲಿ ಹೇಳಿದೆ. ಅದನ್ನು ಇಟ್ಟು ವಾದಿಸೋಣ. ಗೆದ್ದರೆ 90,000ದ ಮೇಲಿನ ತೆರಿಗೆ 69,525ರಿಂದ 27,810ಕ್ಕೆ ಇಳಿಯುತ್ತದೆ.

ಅಂತಿಮ ನಿರ್ದೇಶನ

ಅಧಿಕಾರಿ ಪಟ್ಟಿಗಳನ್ನು ಮಂಡಿಯಿಂದಲೇ ದೃಢಪಡಿಸಿಕೊಳ್ಳಬೇಕು. ನಿಮಗೆ ಸಾಕಷ್ಟು ಅವಕಾಶ ಕೊಡಬೇಕು. ನೀವೂ ಸುಮ್ನೆ ಮುಂದಿನ ತಾರೀಕು ಕೇಳದೆ ಸಹಕರಿಸಬೇಕು. ಉಳಿದ 90,000ಕ್ಕಾಗಿ ಹೈಕೋರ್ಟಿಗೆ ಹೋಗಲು ಆದೇಶ ಕೈಸೇರಿದ ದಿನದಿಂದ 120 ದಿನ ಇದೆ. ಅಲ್ಲಿ ಕಾನೂನಿನ ಗಂಭೀರ ಪ್ರಶ್ನೆ ಬೇಕು, ಇದು ಬರೀ ಸಾಕ್ಷ್ಯದ ವಿಷಯ. ಹೋಗುವುದು ಬೇಡ ಎಂದೇ ನನ್ನ ಸಲಹೆ.

ಈಗ ಆಗಬೇಕಾದ ಕೆಲಸ: ಪೋರ್ಟಲ್‌ನಲ್ಲಿ ನಿಮ್ಮದೇ ಇಮೇಲ್, ಫೋನ್ ನಂಬರ್ ಹಾಕಿಸಿ. ಮಂಡಿಯಿಂದ ನಿಮ್ಮ ಲೆಡ್ಜರ್ ಪ್ರತಿಗೆ ಸಹಿ, ಮೊಹರು ಹಾಕಿಸಿ ತನ್ನಿ. ಆ ಎರಡು ವರ್ಷದ ಕೊನೆಕೊಯ್ಲಿನ ಕೂಲಿ, ಗೊಬ್ಬರ, ಮದುವೆ, ಆಸ್ಪತ್ರೆ ಹೀಗೆ ದೊಡ್ಡ ಖರ್ಚುಗಳನ್ನು ಮನೆಯವರೊಂದಿಗೆ ಕೂತು, ನೆನಪಿದ್ದಷ್ಟು ಇದ್ದಂತೆಯೇ ಬರೆದಿಡಿ. ನಗದು ಉಳಿದಿತ್ತೇ ಎಂಬ ಪ್ರಶ್ನೆಗೆ ನಾವು ಉತ್ತರ ಕೊಡುವುದು ಅದರಿಂದಲೇ.