ತರಬೇತಿ ದಿನದ ಆರಂಭದ ಮಾತು: ಬೇರಿಂಗ್ ಮತ್ತು ಗ್ರೀಸ್

ಎಲ್ಲರಿಗೂ ನಮಸ್ಕಾರ.

ನೈಟ್ ಶಿಫ್ಟ್ ಮುಗಿಸಿ ಮನೆಗೆ ಹೋಗದೆ ನೇರವಾಗಿ ಇಲ್ಲಿಗೆ ಬಂದವರು ಎಂಟು ಜನ ಇದ್ದೀರಿ. ಮೊದಲು ನಿಮಗೆ ಥ್ಯಾಂಕ್ಸ್. ಮಧ್ಯಾಹ್ನ ಊಟ ಮಾಡಿ ನೀವು ಹೊರಡಿ. ಉಳಿದ ಪಾಠವನ್ನು ನಿಮಗೆ ಶನಿವಾರ ಮಾಡುತ್ತೇವೆ. ನಿದ್ದೆಗಣ್ಣಿನಲ್ಲಿ ಕಲಿಯುವ ಕೆಲಸ ಅಲ್ಲ ಇದು.

ಈ ಮಾತನ್ನು ನಾನು ಮೊದಲು ಇಂಗ್ಲಿಷಿನಲ್ಲಿ ಬರೆದಿದ್ದೆ. ಹೆಡ್ ಆಫೀಸಿಗೆ ಒಂದು ಪ್ರತಿ ಕೊಡಬೇಕಿತ್ತು. ಆಮೇಲೆ ಇವತ್ತಿನ ಬ್ಯಾಚಿನ ಪಟ್ಟಿ ನೋಡಿದೆ. ತಳಿ, ಬಾಗಲೂರು, ಬೇರಿಗೆ, ಕೆಲಮಂಗಲದ ಕಡೆಯವರು. ಅತ್ತಿಬೆಲೆಯಿಂದ ಬಸ್ಸು ಹಿಡಿದು ಬರುವವರು. ಎಲ್ಲರದ್ದೂ ಮನೆಮಾತು ಕನ್ನಡ. ತಮಿಳು ಬ್ಯಾಚ್ ನಿನ್ನೆ ಆಯಿತು, ತೆಲುಗು ಬ್ಯಾಚ್ ನಾಳೆ. ಹೊಸೂರು ಅಂದರೆ ಹಾಗೇ, ಕ್ಯಾಂಟೀನಿನ ಒಂದೇ ಬೆಂಚಿನಲ್ಲಿ ಮೂರು ಭಾಷೆ ಕೇಳುತ್ತವೆ. ಆದರೆ ನಮ್ಮ ಬ್ರೇಕ್‌ಡೌನ್ ಫಾರಂ ಮಾತ್ರ ಇಷ್ಟು ವರ್ಷ ಇಂಗ್ಲಿಷಿನಲ್ಲೇ ಇತ್ತು. ಅದರಿಂದ ಏನಾಯಿತು ಅಂತ ಹೇಳುತ್ತೇನೆ, ಕೇಳಿ. ಇಂಗ್ಲಿಷ್ ಪ್ರತಿಯಲ್ಲಿ ಈ ಕಥೆ ಎರಡೇ ಸಾಲಿನಲ್ಲಿತ್ತು. ಇಲ್ಲಿ ಪೂರ್ತಿ ಹೇಳಬೇಕು.

ಹೋದ ಬೇಸಿಗೆಯಲ್ಲಿ ಫರ್ನೆಸ್ಸಿನ ಬ್ಲೋವರ್ ನಿಂತುಹೋಯಿತು. ರಾತ್ರಿ ಎರಡು ಗಂಟೆ. ಮೋಟಾರಿನ ಬೇರಿಂಗ್ ಜಾಮ್ ಆಗಿ, ಶಾಫ್ಟ್ ತಿಂದುಹೋಗಿತ್ತು. ಆ ಬೇರಿಂಗ್ ಬೆಲೆ ಸಾವಿರ ರೂಪಾಯಿ ಒಳಗೆ. ಫರ್ನೆಸ್ ತಣ್ಣಗಾಗಿ ಮತ್ತೆ ಬಿಸಿಯಾಗಿ ಲೈನ್ ಶುರುವಾಗಲು ಎರಡು ದಿನ ಹೋಯಿತು. ಮಾರನೇ ದಿನ ನಾನು ಅಲ್ಲಿನ ಆಪರೇಟರ್ ಜೊತೆ ಕೂತು ಮಾತಾಡಿದೆ. ಅವರ ಹೆಸರು ಹೇಳುವುದಿಲ್ಲ, ತಪ್ಪು ಅವರದ್ದಲ್ಲ. ಮೂರು ದಿನದಿಂದ ಅವರಿಗೆ ಸದ್ದು ಕೇಳಿಸುತ್ತಿತ್ತು. "ರಾಗಿ ಬೀಸುವಾಗ ಕಲ್ಲಿಗೆ ಮರಳು ಸಿಕ್ಕಿದ ಹಾಗೆ ಕರಕರ ಅಂತಿತ್ತು ಸಾರ್" ಅಂದರು. ಹಾಗಾದರೆ ಫಾರಂನಲ್ಲಿ ಯಾಕೆ ಬರೆಯಲಿಲ್ಲ ಅಂತ ಕೇಳಿದೆ. "ಆ ಸದ್ದಿಗೆ ಇಂಗ್ಲಿಷಿನಲ್ಲಿ ಏನಂತಾರೆ ಗೊತ್ತಿರಲಿಲ್ಲ ಸಾರ್" ಅಂದರು.

ನಾನು ಎಷ್ಟೋ ಬೇರಿಂಗ್ ರಿಪೋರ್ಟ್ ಓದಿದ್ದೇನೆ. ಮರಳು ಸಿಕ್ಕಿದ ಬೀಸುಕಲ್ಲು ಅನ್ನುವಷ್ಟು ಸರಿಯಾದ ಮಾತನ್ನು ಯಾವುದರಲ್ಲೂ ಓದಿಲ್ಲ. ಅದು ನಮ್ಮ ಕಾಗದಕ್ಕೆ ಬರಲೇ ಇಲ್ಲ, ಏಕೆಂದರೆ ಕಾಗದವನ್ನು ನಾವು ಹಾಗೆ ಮಾಡಿದ್ದೆವು.

ಬೇರಿಂಗ್ ಬಿಚ್ಚಿದಾಗ ಇನ್ನೊಂದು ವಿಷಯ ಗೊತ್ತಾಯಿತು. ಒಳಗೆ ಎರಡು ಬಣ್ಣದ ಗ್ರೀಸ್ ಇತ್ತು. ಮೊದಲು ತುಂಬಿದ್ದು ಪಾಲಿಯೂರಿಯಾ ಗ್ರೀಸ್. ಆಮೇಲೆ ಯಾರೋ ಕೈಗೆ ಸಿಕ್ಕ ಗನ್ನಿನಿಂದ ಲಿಥಿಯಂ ಗ್ರೀಸ್ ಹೊಡೆದಿದ್ದಾರೆ. ಎರಡೂ ಒಳ್ಳೆಯ ಗ್ರೀಸೇ. ಆದರೆ ಇವೆರಡು ಸೇರಿದರೆ ಎಷ್ಟೋ ಸಲ ಹೊಂದುವುದಿಲ್ಲ. ನಮ್ಮದರಲ್ಲಿ ಮಜ್ಜಿಗೆ ಥರ ನೀರಾಗಿ ಸೀಲಿನಿಂದ ಹೊರಗೆ ಇಳಿದಿತ್ತು. ಒಳಗೆ ಗುಂಡುಗಳು ಒಣಗಿ ಓಡಿವೆ. 1440 ಆರ್‌ಪಿಎಂ ಮೋಟಾರು ಎಂಟು ಗಂಟೆಯ ಒಂದು ಶಿಫ್ಟಿನಲ್ಲಿ ಸುಮಾರು 6,90,000 ಸುತ್ತು ಸುತ್ತುತ್ತದೆ. ಅಷ್ಟು ಸುತ್ತು, ಎಣ್ಣೆ ಇಲ್ಲದೆ!

ನಿಮ್ಮಲ್ಲಿ ತುಂಬಾ ಜನ ಎತ್ತಿನ ಗಾಡಿ ಇದ್ದ ಮನೆಯಿಂದ ಬಂದವರು. ಕೀಲೆಣ್ಣೆ ಅಂದರೆ ಏನು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಗ್ರೀಸ್ ಕೂಡ ಅದೇ ಕೆಲಸ ಮಾಡುತ್ತದೆ. ಅದರಲ್ಲಿ ಬಹುಪಾಲು ಎಣ್ಣೆ, ಅದನ್ನು ಹಿಡಿದಿಡಲು ಸೋಪಿನಂಥ ಒಂದು ಪದಾರ್ಥ. ಸ್ಪಂಜು ನೀರು ಹಿಡಿದು ಸ್ವಲ್ಪ ಸ್ವಲ್ಪವೇ ಬಿಡುತ್ತದಲ್ವಾ, ಹಾಗೆ.

ಜಾಸ್ತಿ ಹಾಕಿದರೆ ಒಳ್ಳೆಯದು ಅನ್ನುವುದು ನಾವೆಲ್ಲ ಮಾಡುವ ತಪ್ಪು. ಬೇರಿಂಗಿನ ಒಳಗಿನ ಖಾಲಿ ಜಾಗದಲ್ಲಿ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಗ್ರೀಸ್ ಇದ್ದರೆ ಸಾಮಾನ್ಯವಾಗಿ ಸಾಕು. ಪೂರ್ತಿ ತುಂಬಿದರೆ ಗುಂಡುಗಳು ಗ್ರೀಸನ್ನು ಕಡೆಯುತ್ತಾ ಓಡಬೇಕು. ಕಡೆದಷ್ಟೂ ಬಿಸಿ. ಬಿಸಿಯಾದರೆ ಎಣ್ಣೆ ಬಿಟ್ಟುಹೋಗುತ್ತದೆ, ಸೀಲ್ ಕಿತ್ತುಕೊಳ್ಳುತ್ತದೆ, ಕೆಲವು ಸಲ ಗ್ರೀಸು ಮೋಟಾರಿನ ವೈಂಡಿಂಗಿಗೇ ಹೋಗುತ್ತದೆ. ನಾನು ಟ್ರೈನಿ ಇದ್ದಾಗ ಪ್ರತಿ ಸೋಮವಾರ ಎಲ್ಲ ಮೋಟಾರಿಗೂ ಹೊರಗೆ ಉಕ್ಕುವವರೆಗೆ ಗ್ರೀಸ್ ಹೊಡೆಯುತ್ತಿದ್ದೆ. ಅದು ಶ್ರದ್ಧೆ ಅಂತ ನಂಬಿದ್ದೆ. ಎರಡು ಮೋಟಾರು ಸುಟ್ಟ ಮೇಲೆ ಒಬ್ಬ ಹಿರಿಯ ಫಿಟ್ಟರ್ ನನ್ನ ಕೈಯಿಂದ ಗನ್ ತೆಗೆದುಕೊಂಡು, ಎಷ್ಟು ಸ್ಟ್ರೋಕ್ ಅಂತ ಎಣಿಸಿ ತೋರಿಸಿದರು. ಆ ದಿನ ಇನ್ನೂ ನೆನಪಿದೆ.

ಇಲ್ಲಿ ಮೇಜಿನ ಮೇಲೆ ಒಂದು ಬೇರಿಂಗ್ ಇಟ್ಟಿದ್ದೇವೆ. ಸಾಲಿನಲ್ಲಿ ದಾಟಿಸಿ, ಎಲ್ಲರೂ ಕೈಯಲ್ಲಿ ಹಿಡಿದು ನೋಡಿ. ಬದಿಯಲ್ಲಿ 6205 ಅಂತ ಇದೆ. ಕೊನೆಯ ಎರಡು ಅಂಕಿ 05. ಅದನ್ನು ಐದರಿಂದ ಗುಣಿಸಿ, 25 ಬರುತ್ತದೆ. ಒಳಗಿನ ತೂತು 25 ಮಿಲಿಮೀಟರ್. 6308 ಆದರೆ 40. ಕೊನೆಗೆ 04 ಅಥವಾ ಅದಕ್ಕಿಂತ ದೊಡ್ಡ ಅಂಕಿ ಇರುವ ಇಂಥ ಬೇರಿಂಗಿಗೆಲ್ಲ ಈ ಲೆಕ್ಕ ನಡೆಯುತ್ತದೆ. 00ರಿಂದ 03ರವರೆಗೆ ಬೇರೆ, ಅದನ್ನು ಮಧ್ಯಾಹ್ನ ನೋಡೋಣ. ಈಗ ಹೊರಗಿನ ರಿಂಗನ್ನು ಮೆಲ್ಲಗೆ ತಿರುಗಿಸಿ. ಒಂದು ಜಾಗದಲ್ಲಿ ಬೆರಳಿಗೆ ತಡೆದ ಹಾಗೆ ಆಗುತ್ತದೆ, ಗಮನಿಸಿ. ಅಲ್ಲಿ ಒಳಗೆ ಗುಳಿ ಬಿದ್ದಿದೆ. ಶಾಫ್ಟಿಗೆ ಕೂರಿಸುವಾಗ ಒಳರಿಂಗಿಗೆ ಒತ್ತು ಕೊಡದೆ ಹೊರರಿಂಗಿಗೆ ಸುತ್ತಿಗೆಯಲ್ಲಿ ಹೊಡೆದಿದ್ದಾರೆ. ಆ ಪೆಟ್ಟೆಲ್ಲ ಗುಂಡುಗಳ ಮೂಲಕ ದಾಟಿದೆ. ಹೊಸ ಬೇರಿಂಗ್, ಓಡುವ ಮೊದಲೇ ಹಾಳಾಯಿತು. ಬಿಸಿ ಮಾಡಿ ಕೂರಿಸುವುದಾದರೆ ಹೀಟರಿನಲ್ಲಿ 110 ಡಿಗ್ರಿ ಹತ್ತಿರ ಸಾಕು. ಗ್ಯಾಸ್ ಟಾರ್ಚ್ ಹಿಡಿಯುವುದು ಇವತ್ತಿನಿಂದ ಬಂದ್.

ಒಂದು ಮಾತು ಬಹಳ ಗಟ್ಟಿಯಾಗಿ ಹೇಳುತ್ತೇನೆ. ಸದ್ದು ಕೇಳಲು ಓಡುವ ಯಂತ್ರದ ಗಾರ್ಡ್ ತೆಗೆಯಬೇಡಿ. ಸ್ಟೆತೊಸ್ಕೋಪಿನ ರಾಡನ್ನು ಮೋಟಾರಿನ ಹೊರಕವಚಕ್ಕೆ ತಾಗಿಸಿದರೆ ಸಾಕು. ಬಿಚ್ಚುವ ಕೆಲಸ ಇದ್ದರೆ ಪವರ್ ಆಫ್ ಮಾಡಿ, ನಿಮ್ಮದೇ ಬೀಗ ಹಾಕಿ, ಕೀ ನಿಮ್ಮ ಜೇಬಿನಲ್ಲಿ ಇರಲಿ. ಆಮೇಲೆ ಸ್ಟಾರ್ಟ್ ಬಟನ್ ಒಮ್ಮೆ ಒತ್ತಿ, ನಿಜವಾಗಿ ಸತ್ತಿದೆಯಾ ಅಂತ ನೋಡಿ. ಪ್ರೊಡಕ್ಷನ್ ಅರ್ಜೆಂಟ್ ಅಂತ ಯಾರಾದರೂ ಅವಸರ ಮಾಡಿದರೆ ನನ್ನ ಹೆಸರು ಹೇಳಿ. ರಾತ್ರಿ ಎಷ್ಟು ಹೊತ್ತಾದರೂ ನನಗೆ ಫೋನ್ ಮಾಡಿ. ನಿಮ್ಮ ಬೆರಳಿಗಿಂತ ದೊಡ್ಡ ಆರ್ಡರ್ ನಮ್ಮ ಹತ್ತಿರ ಯಾವುದೂ ಇಲ್ಲ.

ಈಗ ಫಾರಂ ವಿಷಯ. ಹೊಸದು ನಿಮ್ಮ ಫೈಲಿನಲ್ಲಿದೆ, ಮೂರು ಭಾಷೆಯಲ್ಲೂ ಪ್ರಿಂಟ್ ಆಗಿದೆ. "ಸದ್ದು ಹೇಗಿದೆ" ಅಂತ ಒಂದು ಕಾಲಂ ಇದೆ. ಕರಕರ, ಗುಂಯ್, ಟಿಕ್ ಟಿಕ್, ನಿಮಗೆ ಹೇಗೆ ಕೇಳಿತೋ ಹಾಗೆ ಬರೆಯಿರಿ. "ಬೀಸುಕಲ್ಲಿಗೆ ಮರಳು ಸಿಕ್ಕಿದ ಹಾಗೆ" ಅಂತಲೂ ಬರೆಯಿರಿ. ಬರೆದ ಮೇಲೆ ಆ ಶಿಫ್ಟ್ ಮುಗಿಯುವುದರೊಳಗೆ ಮೆಂಟೆನೆನ್ಸ್‌ನವರು ಬಂದು ನೋಡಲೇಬೇಕು, ಅದರ ಹೊಣೆ ನನ್ನದು. ಸದ್ದು ಸುಳ್ಳಾದರೂ ಯಾರೂ ನಿಮ್ಮನ್ನು ಏನೂ ಅನ್ನುವುದಿಲ್ಲ. ಬಂದು ನೋಡಿ ಏನೂ ಇಲ್ಲ ಅಂತಾದರೆ ಅದು ಒಳ್ಳೆಯ ಸುದ್ದಿ ಅಲ್ವಾ?

ಪಾಠ ಮಾಡುವವರು ನಮ್ಮ ಮೆಂಟೆನೆನ್ಸ್ ವಿಭಾಗದ ಇಬ್ಬರು ಹಿರಿಯರು. ಅರ್ಥ ಆಗದಿದ್ದರೆ ಅವರನ್ನು ತಡೆದು ಕೇಳಿ, ಎರಡನೇ ಸಲವೂ ಕೇಳಿ. ಹನ್ನೊಂದಕ್ಕೆ ಟೀ ಬರುತ್ತದೆ.

ಆ ಬ್ಲೋವರಿನ ಹಳೆಯ ಬೇರಿಂಗನ್ನು ಎಸೆಯದೆ ಇಟ್ಟಿದ್ದೇವೆ, ಕಿಟಕಿ ಪಕ್ಕದ ಟೇಬಲ್ಲಿನ ಮೇಲೆ ಇದೆ. ಮೊದಲು ಅದನ್ನು ನೋಡೋಣ. ಕುರ್ಚಿ ಬಿಟ್ಟು ಹತ್ತಿರ ಬನ್ನಿ.