ಚಿಕ್ಕಮ್ಮನ ಅಡುಗೆಮನೆ: ರೀಲ್ ನೋಡಿದವರು ದುಡ್ಡು ಹಾಕುವವರೆಗಿನ ದಾರಿ

ಚಿಕ್ಕಮ್ಮ, ಮೊನ್ನೆ ನಾನು ಫನಲ್ ಅಂದಾಗ ಅದೇನು ಅಂತ ಕೇಳಿದಿರಿ. ಎಣ್ಣೆ ಬಗ್ಗಿಸುವ ಲಾಳಿಕೆನೇ. ಮೇಲೆ ಅಗಲ, ಕೆಳಗೆ ಸಣ್ಣ. ಆದರೆ ಲಾಳಿಕೆಯಲ್ಲಿ ಬಿಟ್ಟ ಎಣ್ಣೆ ಪೂರ್ತಿ ಬಾಟಲಿಗೆ ಇಳಿಯುತ್ತದೆ. ನಮ್ಮ ಹೋಳಿಗೆ, ಪುಡಿ ಮಾರಾಟದಲ್ಲಿ ಹಾಗಲ್ಲ, ರೀಲ್ ನೋಡಿದವರು ದುಡ್ಡು ಹಾಕುವಷ್ಟರಲ್ಲಿ ಒಂದೊಂದು ಹಂತದಲ್ಲೂ ಜನ ಸೋರಿ ಹೋಗುತ್ತಾರೆ. ಎಲ್ಲಿ ಜಾಸ್ತಿ ಸೋರುತ್ತಿದೆ ಅಂತ ಕಂಡುಹಿಡಿಯೋಕೆ ಇದನ್ನು ಬರೆದಿದ್ದೇನೆ. ಪುಟ್ಟಿಗೂ ಓದಿಸಿ, ಏಕೆಂದರೆ ಇದರಲ್ಲಿ ಅರ್ಧ ಕೆಲಸ ಅವಳದೇ.

ಮೊದಲು ಜುಲೈ ತಿಂಗಳ ಲೆಕ್ಕ. ಮೇಲಿನ ಮೂರು ಇನ್‌ಸ್ಟಾಗ್ರಾಮ್ ತೋರಿಸಿದ್ದು, ಕೆಳಗಿನ ಮೂರು ವಾಟ್ಸಾಪ್ ಚಾಟ್ ಮತ್ತು ನಿಮ್ಮ ನೋಟ್‌ಬುಕ್ ಇಟ್ಟುಕೊಂಡು ನಾನೇ ಎಣಿಸಿದ್ದು.

ನಮ್ಮ ರೀಲ್, ಪೋಸ್ಟ್ ಕಂಡವರು: 18,400
ಪ್ರೊಫೈಲ್ ತೆರೆದು ನೋಡಿದವರು: 612
ವಾಟ್ಸಾಪ್ ಲಿಂಕ್ ಒತ್ತಿದವರು: 148
ಮೆಸೇಜ್ ಕಳಿಸಿದವರು: 96
ದುಡ್ಡು ಹಾಕಿದವರು: 31
ಅದೇ ತಿಂಗಳು ಎರಡನೇ ಸಲ ತರಿಸಿಕೊಂಡವರು: 9

ಇದನ್ನು ನೋಡಿದ ತಕ್ಷಣ ಕಣ್ಣು 18,400ರಿಂದ 612ಕ್ಕೆ ಹೋಗುತ್ತದೆ, ಅಯ್ಯೋ ಎಷ್ಟು ಜನ ಹೋದರು ಅನ್ನಿಸುತ್ತದೆ. ಅದಕ್ಕೆ ಬೇಜಾರು ಬೇಡ. ಬೆರಳಲ್ಲಿ ಮೇಲೆ ತಳ್ಳುತ್ತಾ ಹೋಗುವವರು ಅವರು, ಊಟ ಹುಡುಕಿಕೊಂಡು ಬಂದವರಲ್ಲ. ನನಗೆ ನಿದ್ದೆ ಕೆಡಿಸಿದ್ದು 96 ಮತ್ತು 31. ತಾವಾಗಿಯೇ ಬಂದು, ಟೈಪ್ ಮಾಡಿ, "ಹೇಗೆ ತರಿಸಿಕೊಳ್ಳೋದು?" ಅಂತ ಕೇಳಿದವರಲ್ಲಿ 65 ಜನ ಖರೀದಿ ಮಾಡದೆ ಹೋಗಿದ್ದಾರೆ. ಬಾಗಿಲ ಹತ್ತಿರ ಬಂದು ಬೆಲ್ ಒತ್ತಿದವರು ಇವರು.

ಆ 65 ಚಾಟ್‌ಗಳನ್ನೂ ಕೂತು ಓದಿದೆ. 27 ಜನ ಬೆಲೆ ಕೇಳಿದ್ದಾರೆ, ನಾವು ಮೂರು ಗಂಟೆಗೂ ಜಾಸ್ತಿ ಹೊತ್ತು ಬಿಟ್ಟು ಉತ್ತರ ಕೊಟ್ಟಿದ್ದೇವೆ, ಅಷ್ಟೊತ್ತಿಗೆ ಅವರ ಆಸೆ ಆರಿಹೋಗಿದೆ. 14 ಜನ ಬೆಂಗಳೂರು, ಹಾಸನಕ್ಕೆ ಹೋಳಿಗೆ ಬೇಕು ಅಂದವರು, ನಾವು ಕಳಿಸೋದಿಲ್ಲ. 11 ಜನ ಕೊರಿಯರ್ ಚಾರ್ಜ್ ಕೇಳಿ ಸುಮ್ಮನಾದರು. 8 ಜನಕ್ಕೆ ಶನಿವಾರದ ಹೋಳಿಗೆ ಮುಗಿದಿತ್ತು. ಉಳಿದ 5 ಜನ ಯಾಕೆ ಹೋದರೋ, ಚಾಟ್ ನೋಡಿದರೆ ಗೊತ್ತಾಗಲಿಲ್ಲ.

ಅಂದರೆ ನಮಗೀಗ ಬೇಕಾಗಿರೋದು ಇನ್ನಷ್ಟು ವ್ಯೂಸ್ ಅಲ್ಲ. ನಿಮ್ಮ ಕೈರುಚಿಯಲ್ಲೂ ಏನೂ ಕೊರತೆಯಿಲ್ಲ. ಕೇಳಿದವರಿಗೆ ಬೇಗ, ಸರಿಯಾಗಿ, ಪೂರ್ತಿ ಉತ್ತರ ಸಿಗಬೇಕು. ಮೇಲಿನಿಂದ ಒಂದೊಂದೇ ಹಂತ ನೋಡೋಣ.

ಕಣ್ಣಿಗೆ ಬೀಳುವುದು

ನಾವು ಮಾಡುವುದರಲ್ಲಿ ಎರಡು ಜಾತಿ ಇದೆ. ಹೋಳಿಗೆ ಮೈಸೂರಿನವರಿಗೆ ಮಾತ್ರ, ಅದೂ ಶನಿವಾರ 80. ನಿಮ್ಮ ಹೆಂಚು ಒಂದೇ, ಕೈ ಎರಡೇ, ಅದನ್ನು 200 ಮಾಡಿ ಅಂತ ನಾನು ಯಾವತ್ತೂ ಹೇಳೋದಿಲ್ಲ. ಚಟ್ನಿಪುಡಿ, ಸಾರಿನಪುಡಿ, ಪುಳಿಯೋಗರೆ ಗೊಜ್ಜು ಹಾಗಲ್ಲ, ಅವು ಯಾವ ಊರಿಗಾದರೂ ಹೋಗುತ್ತವೆ. ಆದರೆ ಇಲ್ಲಿಯವರೆಗೆ ನಾವು ಹಾಕಿದ ರೀಲ್‌ಗಳಲ್ಲಿ ಮುಕ್ಕಾಲು ಪಾಲು ಹೋಳಿಗೆಯವೇ. ಬಾಳೆಎಲೆ ಮೇಲೆ ತಟ್ಟೋದು, ತುಪ್ಪ ಬಿದ್ದಾಗ ಚುಂಯ್ ಅನ್ನೋದು, ನೋಡೋಕೆ ಚೆಂದ, ಜನ ನಿಂತು ನೋಡುತ್ತಾರೆ. ಆದರೆ ಎಂಬತ್ತಕ್ಕಿಂತ ಜಾಸ್ತಿ ಮಾರಲಾಗದ ವಸ್ತುವಿಗೆ ಇಡೀ ರಾಜ್ಯದ ಜನರನ್ನು ಕರೆದು, ಆಮೇಲೆ ಇಲ್ಲ ಅನ್ನುತ್ತಿದ್ದೇವೆ. ಆ 14 ಜನ, ಈ 8 ಜನ ಬಂದದ್ದು ಹಾಗೆ.

ಹಾಗಾಗಿ ಇನ್ನು ಮೇಲೆ ವಾರಕ್ಕೆ ಮೂರು ರೀಲ್ ಹಾಕಿದರೆ ಎರಡು ಪುಡಿ ಮತ್ತು ಗೊಜ್ಜಿನದು, ಒಂದು ಹೋಳಿಗೆಯದು. ಹೋಳಿಗೆ ರೀಲ್ ಮೇಲೆ ಮೊದಲ ಸೆಕೆಂಡಿನಲ್ಲೇ "ಮೈಸೂರಿಗೆ ಮಾತ್ರ, ಶನಿವಾರ" ಅಂತ ಬರಹ ಇರಲಿ. ಪುಡಿ ರೀಲ್‌ಗೆ ಏನು ತೋರಿಸೋದು ಅಂತ ಕೇಳಿದಿರಿ ಅಲ್ವಾ? ಬ್ಯಾಡಗಿ ಮೆಣಸಿನಕಾಯಿ ಬಾಣಲೆಯಲ್ಲಿ ಉಬ್ಬಿ ಬಣ್ಣ ಬಿಡೋದನ್ನು ಹತ್ತಿರದಿಂದ ತೋರಿಸಿ. ಕೊಬ್ಬರಿ ತುರಿಯೋದು. ಕರಿಬೇವು ಗರಿಗರಿಯಾದಾಗ ಕೈಯಲ್ಲಿ ಪುಡಿ ಮಾಡೋದು. ಕೊನೆಗೆ ಬಿಸಿ ಅನ್ನ, ಪುಡಿ, ತುಪ್ಪ. ಹಿನ್ನೆಲೆಗೆ ಹಾಡು ಬೇಡ, ನೀವೇ ಮಾತಾಡಿ. "ಇದು ಬ್ಯಾಡಗಿ, ಬಣ್ಣ ಜಾಸ್ತಿ, ಖಾರ ಕಮ್ಮಿ, ಮಕ್ಕಳೂ ತಿನ್ನಬಹುದು" ಅಂತ ನೀವು ಪಕ್ಕದ ಮನೆಯವರಿಗೆ ಹೇಳಿದಿರಲ್ಲ, ಅದೇ ಸಾಕು. ವಾಟ್ಸಾಪ್‌ನಲ್ಲಿ ಜನ ಜಾಸ್ತಿ ಕೇಳಿರೋದೂ "ಖಾರ ಇರುತ್ತಾ?" ಅಂತಲೇ.

ದುಡ್ಡು ಕೊಟ್ಟು ಬೂಸ್ಟ್ ಮಾಡುವುದನ್ನು ಸದ್ಯಕ್ಕೆ ನಿಲ್ಲಿಸೋಣ. ಜೂನ್‌ನಲ್ಲಿ 1,500 ರೂಪಾಯಿ ಹಾಕಿದೆವು, ಊರು ಆರಿಸದೆ ಬಿಟ್ಟಿದ್ದು ನನ್ನ ತಪ್ಪು. ಮುಂದೆ ಮಾಡಿದರೆ ಹೋಳಿಗೆಗೆ ಮೈಸೂರು, ಪುಡಿಗೆ ಬೆಂಗಳೂರು ಅಂತ ಊರು ಆರಿಸಿಯೇ ಮಾಡುತ್ತೇನೆ.

ಪ್ರೊಫೈಲ್

ಇಲ್ಲಿ ಮೂರು ಪ್ರಶ್ನೆಗೆ ಉತ್ತರ ಇರಬೇಕು: ಏನು ಸಿಗುತ್ತೆ, ಎಷ್ಟು, ನಂಬಬಹುದಾ. ಈಗ ನಮ್ಮ ಬಯೋದಲ್ಲಿ "ಮನೆ ರುಚಿ, ಪ್ರೀತಿಯಿಂದ" ಅಂತ ಇದೆ. ಅದನ್ನು ತೆಗೆದು ಹೀಗೆ ಬರೆಯುತ್ತೇನೆ:

"ಮೈಸೂರು ಕುವೆಂಪುನಗರದ ಮನೆ ಅಡುಗೆ. ಚಟ್ನಿಪುಡಿ, ಸಾರಿನಪುಡಿ, ಪುಳಿಯೋಗರೆ ಗೊಜ್ಜು: ಕರ್ನಾಟಕದ ಎಲ್ಲ ಕಡೆಗೂ. ಕಾಯಿ ಹೋಳಿಗೆ, ಬೇಳೆ ಹೋಳಿಗೆ: ಮೈಸೂರಿಗೆ, ಶನಿವಾರ. ಆರ್ಡರ್‌ಗೆ ಕೆಳಗಿನ ಲಿಂಕ್."

ಸ್ಟೋರಿ 24 ಗಂಟೆಗೆ ಮಾಯವಾಗುತ್ತದೆ, ಅದಕ್ಕೆ ನಾಲ್ಕು ಹೈಲೈಟ್ ಮಾಡಿ ಮೇಲೆ ನಿಲ್ಲಿಸೋಣ: ಬೆಲೆ, ಅಡುಗೆಮನೆ, ತಿಂದವರ ಮಾತು, ಕಳಿಸುವ ರೀತಿ. ಬೆಲೆ ಬಚ್ಚಿಡೋದು ಬೇಡ. "ಬೆಲೆಗೆ ಮೆಸೇಜ್ ಮಾಡಿ" ಅಂತ ನಾವು ಬರೆದದ್ದರಿಂದಲೇ ಆ 27 ಜನ ಕಾಯಬೇಕಾಯಿತು. ಬೆಲೆ ನೋಡಿ ಬೇಡ ಅನ್ನುವವರು ಅಲ್ಲೇ ತೀರ್ಮಾನ ಮಾಡಲಿ, ಅವರಿಗೂ ಸಮಯ ಉಳಿಯುತ್ತೆ, ನಮಗೂ. ಅಡುಗೆಮನೆ ಹೈಲೈಟ್‌ನಲ್ಲಿ ಎಫ್‌ಎಸ್‌ಎಸ್‌ಎಐ ನೋಂದಣಿ ಪತ್ರದ ಫೋಟೋ ಇರಲಿ. 14 ಅಂಕಿಯ ಆ ನಂಬರ್ ಪ್ಯಾಕೆಟ್ ಲೇಬಲ್ ಮೇಲೆ ಹೇಗೂ ಇದೆ, ಪದಾರ್ಥಗಳ ಪಟ್ಟಿ, ತೂಕ, ಮಾಡಿದ ದಿನ, ಹಸಿರು ಚುಕ್ಕೆ ಎಲ್ಲ ಕಾಣುವಂತೆ ಒಂದು ಪ್ಯಾಕೆಟ್ ಹಿಡಿದು ಫೋಟೋ ತೆಗೆಯಿರಿ. ಗುರುತಿಲ್ಲದವರ ಮನೆಯಿಂದ ತಿನ್ನೋ ಪದಾರ್ಥ ತರಿಸಿಕೊಳ್ಳೋಕೆ ಜನಕ್ಕೆ ಭಯ ಇರುತ್ತೆ, ಅದು ನ್ಯಾಯವಾದ ಭಯ.

ಲಿಂಕ್

ಲಿಂಕ್ ಒತ್ತಿದರೆ ಖಾಲಿ ಚಾಟ್ ತೆರೆಯುತ್ತಿತ್ತು. ಏನು ಬರೆಯಲಿ ಅಂತ ಗೊತ್ತಾಗದೆ 52 ಜನ ಅಲ್ಲೇ ಬಿಟ್ಟಿರಬಹುದು. `wa.me` ಲಿಂಕ್‌ನ ಕೊನೆಗೆ `?text=` ಅಂತ ಸೇರಿಸಿ ಮಾತು ಮೊದಲೇ ತುಂಬಿಸಬಹುದು. ಬಯೋ ಲಿಂಕ್‌ನಲ್ಲಿ "ಬೆಲೆಪಟ್ಟಿ ಕಳಿಸಿ" ಅಂತ, ಸ್ಟೋರಿ ಲಿಂಕ್‌ನಲ್ಲಿ "ಶನಿವಾರದ ಹೋಳಿಗೆ ಬೇಕು" ಅಂತ ಹಾಕಿದ್ದೇನೆ. ಯಾರು ಎಲ್ಲಿಂದ ಬಂದರು ಅಂತ ಅವರ ಮೊದಲ ಸಾಲಿನಲ್ಲೇ ನಮಗೆ ತಿಳಿಯುತ್ತದೆ. ಪುಟ್ಟಿ ಅದನ್ನು ಶೀಟ್‌ನ ಸಿ ಕಾಲಂನಲ್ಲಿ "ಬಯೋ" ಅಥವಾ "ಸ್ಟೋರಿ" ಅಂತ ಬರೆದರೆ ಎಣಿಕೆ ತಾನಾಗಿ ಬರುತ್ತದೆ:

```
=COUNTIF(C:C,"ಬಯೋ")
=COUNTIF(C:C,"ಸ್ಟೋರಿ")
```

ಮಾತುಕತೆ

ಇದೇ ನಮ್ಮ ದೊಡ್ಡ ತೂತು. ನೀವು ಬೆಳಿಗ್ಗೆ ಆರರಿಂದ ಹನ್ನೊಂದರವರೆಗೆ ಒಲೆ ಮುಂದೆ ಇರುತ್ತೀರಿ, ಪುಟ್ಟಿ ಕಾಲೇಜಿನಲ್ಲಿ. ಆ ಹೊತ್ತಿನಲ್ಲಿ ಬಂದ ಮೆಸೇಜ್‌ಗೆ ಉತ್ತರ ಕೊಡುವವರೇ ಇಲ್ಲ. ಹಿಟ್ಟಿನ ಕೈ ತೊಳೆದು ಫೋನ್ ಹಿಡಿಯಿರಿ ಅಂತ ನಾನು ಹೇಳಲಾರೆ. ವಾಟ್ಸಾಪ್ ಬಿಸಿನೆಸ್‌ನಲ್ಲಿ ಮೊದಲ ಸಲ ಮೆಸೇಜ್ ಮಾಡಿದವರಿಗೆ ತಾನಾಗಿ ಹೋಗುವ ಸ್ವಾಗತದ ಮಾತು ಇಡಬಹುದು. ಅದು ಹೀಗಿರಲಿ:

"ನಮಸ್ಕಾರ. ಮೆಸೇಜ್ ಮಾಡಿದ್ದಕ್ಕೆ ಖುಷಿ ಆಯಿತು. ಚಟ್ನಿಪುಡಿ 250 ಗ್ರಾಂ 140 ರೂ., ಸಾರಿನಪುಡಿ 250 ಗ್ರಾಂ 140 ರೂ., ಪುಳಿಯೋಗರೆ ಗೊಜ್ಜು 250 ಗ್ರಾಂ 140 ರೂ. ಮೂರೂ ಸೇರಿ ಬೆಂಗಳೂರಿಗೆ ಕೊರಿಯರ್ ಸಮೇತ 490 ರೂ. ಹೋಳಿಗೆ ಒಂದಕ್ಕೆ 30 ರೂ., ಮೈಸೂರಿಗೆ ಮಾತ್ರ, ಶುಕ್ರವಾರ ಮಧ್ಯಾಹ್ನದೊಳಗೆ ಹೇಳಬೇಕು. ನಿಮಗೆ ಏನು ಬೇಕು, ಯಾವ ಊರು ಅಂತ ಬರೆದಿಡಿ. ಈಗ ಅಡುಗೆ ನಡೆಯುತ್ತಿದ್ದರೆ 11 ಗಂಟೆ ಮೇಲೆ ಖಂಡಿತ ಉತ್ತರ ಕೊಡುತ್ತೇವೆ."

ಆ 490ರ ಬಗ್ಗೆ ಒಂದು ಮಾತು. 140 ರೂಪಾಯಿ ಪುಡಿಗೆ 70 ರೂಪಾಯಿ ಕೊರಿಯರ್ ಅಂದರೆ ಯಾರಿಗಾದರೂ ಹೊಟ್ಟೆ ಉರಿಯುತ್ತೆ. ಮೂರು ಪ್ಯಾಕೆಟ್‌ಗೂ ಅದೇ 70. ನಾವು ಒಂದು ರೂಪಾಯಿ ಕಳೆದುಕೊಳ್ಳುತ್ತಿಲ್ಲ, ಲೆಕ್ಕ ಹೇಳುವ ರೀತಿ ಬದಲಾಗಿದೆ ಅಷ್ಟೇ. ಒಂದೇ ಪ್ಯಾಕೆಟ್ ಬೇಕು ಅಂದವರಿಗೂ ಇಲ್ಲ ಅನ್ನಬೇಡಿ, ಆದರೆ ಮೊದಲು ಮೂರರ ಮಾತು ಹೋಗಲಿ.

ಪುಟ್ಟಿಗೆ ಎರಡು ಸಿದ್ಧ ಉತ್ತರ ಸೇವ್ ಮಾಡಿಟ್ಟಿದ್ದೇನೆ. `/holige` ಅಂತ ಒತ್ತಿದರೆ: "ಈ ಶನಿವಾರದ ಹೋಳಿಗೆ ಮುಗಿಯಿತು, ಕ್ಷಮಿಸಿ. ಮುಂದಿನ ಶನಿವಾರಕ್ಕೆ ನಿಮ್ಮ ಹೆಸರು ಮೊದಲು ಬರೆದುಕೊಳ್ಳಲಾ? ಎಷ್ಟು ಬೇಕು ಹೇಳಿ." `/ooru` ಒತ್ತಿದರೆ: "ಹೋಳಿಗೆ ದಾರಿಯಲ್ಲಿ ಕೆಡಬಹುದು, ಅದಕ್ಕೆ ಹೊರಗೆ ಕಳಿಸೋದಿಲ್ಲ. ಪುಳಿಯೋಗರೆ ಗೊಜ್ಜು ನಿಮ್ಮ ಊರಿಗೆ ಬರುತ್ತೆ, ನೋಡ್ತೀರಾ?" ಬೇರೆ ಎಲ್ಲದಕ್ಕೂ ಪುಟ್ಟಿ ತನ್ನ ಮಾತಿನಲ್ಲೇ ಬರೆಯಲಿ. ಎಲ್ಲವೂ ಸಿದ್ಧ ಉತ್ತರವಾದರೆ ಮನೆಯವರ ಹತ್ತಿರ ಮಾತಾಡಿದ ಹಾಗೆ ಇರೋದಿಲ್ಲ.

ದುಡ್ಡು

ಯುಪಿಐ ಕೋಡ್ ಸ್ಕ್ಯಾನ್ ಮಾಡಿದಾಗ ನಿಮ್ಮ ಹೆಸರು ಬರುತ್ತದೆ, ಪೇಜಿನ ಹೆಸರಲ್ಲ. ಇಬ್ಬರು "ಇದು ನೀವೇನಾ?" ಅಂತ ಕೇಳಿದ್ದಾರೆ, ಕೇಳದೆ ಹೋದವರೂ ಇರಬಹುದು. ಕೋಡ್ ಕಳಿಸುವಾಗಲೇ "ನನ್ನ ಹೆಸರು ಕಾಣುತ್ತೆ, ಗಾಬರಿ ಬೇಡ" ಅಂತ ಸೇರಿಸಿ. ಸ್ಕ್ರೀನ್‌ಶಾಟ್ ನೋಡಿ ಪ್ಯಾಕ್ ಮಾಡಬೇಡಿ, ದುಡ್ಡು ಖಾತೆಗೆ ಬಂದಿದೆಯಾ ಅಂತ ನೋಡಿಯೇ ಮಾಡಿ. ಬಂದ ಕೂಡಲೇ ಪುಟ್ಟಿ ಚಾಟ್‌ಗೆ ದುಡ್ಡು ಬಂತು ಅಂತ ಲೇಬಲ್ ಹಾಕಲಿ.

ಮತ್ತೆ ಬರುವವರು

ಆ 9 ಜನ ನನಗೆ ಎಲ್ಲಕ್ಕಿಂತ ದೊಡ್ಡ ಸಂಖ್ಯೆ. ಅವರಿಗೆ ರೀಲ್ ಬೇಕಿಲ್ಲ, ಬೂಸ್ಟ್ ಬೇಕಿಲ್ಲ. ಪಾರ್ಸೆಲ್ ತಲುಪಿದ ನಾಲ್ಕನೇ ದಿನ ಪ್ರತಿಯೊಬ್ಬರಿಗೂ ಒಂದು ಸಾಲು: "ಪುಡಿ ಹೇಗಿತ್ತು? ಉಪ್ಪು, ಖಾರ ಸರಿ ಇತ್ತಾ?" ಕೊಂಡುಕೊಳ್ಳಿ ಅಂತ ಆ ಮೆಸೇಜ್‌ನಲ್ಲಿ ಹೇಳಬೇಡಿ. ಚೆನ್ನಾಗಿತ್ತು ಅಂದರೆ, ಅವರನ್ನು ಕೇಳಿಯೇ ಆ ಮಾತನ್ನು ಹೈಲೈಟ್‌ಗೆ ಹಾಕೋಣ, ಹೆಸರು ಮತ್ತು ನಂಬರ್ ಮರೆಮಾಡಿ. ಇನ್ನೊಂದು ವಿಷಯ, ಬ್ರಾಡ್‌ಕಾಸ್ಟ್ ಮೆಸೇಜ್ ತಲುಪೋದು ನಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ. ಅದಕ್ಕೆ ಪ್ಯಾಕೆಟ್ ಒಳಗೆ ಒಂದು ಚೀಟಿ ಇಡಿ, ನಿಮ್ಮ ಕೈಬರಹದಲ್ಲೇ: "ನಂಬರ್ ಸೇವ್ ಮಾಡಿಕೊಳ್ಳಿ, ಹಬ್ಬದ ಆರ್ಡರ್ ಶುರುವಾದಾಗ ನಿಮಗೆ ಮೊದಲು ಹೇಳುತ್ತೇವೆ." ಗೌರಿ ಹಬ್ಬಕ್ಕೆ ಹೋಳಿಗೆ ಆರ್ಡರ್ ತೆರೆದಾಗ ಮೊದಲ ದಿನ ಹಳಬರಿಗೆ ಮಾತ್ರ, ಮರುದಿನ ಸ್ಟೋರಿಯಲ್ಲಿ. ಕೊಟ್ಟ ಮಾತಿನಂತೆ ನಡೆಯಬೇಕು.

ಆಗಸ್ಟ್‌ನಲ್ಲಿ ನಾನು ನೋಡುವುದು ಒಂದೇ ಲೆಕ್ಕ: ಮೆಸೇಜ್ ಮಾಡಿದ ನೂರು ಜನರಲ್ಲಿ ಎಷ್ಟು ಜನ ದುಡ್ಡು ಹಾಕಿದರು. ಜುಲೈನಲ್ಲಿ 32. ಅದು 45 ಆದರೆ, ವ್ಯೂಸ್ ಇಷ್ಟೇ ಇದ್ದರೂ, 96 ಮೆಸೇಜ್‌ಗೆ 43 ಆರ್ಡರ್. ಜಾಸ್ತಿ ಬರುವ ಈ ಹನ್ನೆರಡೂ ಪುಡಿ ಆರ್ಡರ್‌ಗಳೇ ಆಗಿರಲಿ, ಹೋಳಿಗೆ ಎಂಬತ್ತೇ ಇರಲಿ.

ಸ್ವಾಗತದ ಮೆಸೇಜ್ ಇವತ್ತು ರಾತ್ರಿಯೇ ಹಾಕುತ್ತೇನೆ, ಬೆಲೆ ಏನಾದರೂ ತಪ್ಪಿದ್ದರೆ ಒಂಬತ್ತರೊಳಗೆ ಫೋನ್ ಮಾಡಿ. ಭಾನುವಾರ ಸಂಜೆ ಬಂದು ಪುಟ್ಟಿ ಜೊತೆ ಕೂತು ಹೈಲೈಟ್ ಮಾಡುತ್ತೇನೆ. ಲೇಬಲ್ ಅಂಟಿಸಿದ ಪ್ಯಾಕೆಟ್ ಮೂರು ತೆಗೆದಿಡಿ, ಬೆಳಕಿರುವಾಗಲೇ ಫೋಟೋ ತೆಗೆಯೋಣ.