ನಮ್ಮ ಪುಟ್ಟಿ ಇವತ್ತಿಂದ ಒಂದನೇ ಕ್ಲಾಸು

ಮೊದಲ ಫೋಟೋದಲ್ಲಿ ಕೊಡೆ ಹಿಡಿದು ನಿಂತಿರುವುದು ನಮ್ಮ ಸಾನ್ವಿ. ಕೊಡೆ ಜಾಸ್ತಿ ಕಾಣುತ್ತೆ, ಹುಡುಗಿ ಕಮ್ಮಿ ಕಾಣುತ್ತಾಳೆ, ಏನು ಮಾಡೋದು. ಅದು ಅಜ್ಜನ ಕೊಡೆ. ಅವಳಿಗೆ ಅಂತಲೇ ತಂದ ಬಣ್ಣದ ಪುಟಾಣಿ ಕೊಡೆ ಮನೆಯಲ್ಲೇ ನೇತಾಡ್ತಿದೆ. "ಅದು ಅಂಗನವಾಡಿ ಮಕ್ಕಳದ್ದು" ಅಂದಳು. ಏಪ್ರಿಲ್‌ವರೆಗೆ ತಾನೂ ಅಂಗನವಾಡಿಯಲ್ಲೇ ಇದ್ದವಳು! ಒಂದನೇ ಕ್ಲಾಸಿನವರು ದೊಡ್ಡ ಕೊಡೆ ಹಿಡಿಯಬೇಕು ಅಂತ ಅದ್ಯಾರು ಇವಳಿಗೆ ಹೇಳಿದರೋ.

ಬೆಳಿಗ್ಗೆಯಿಂದ ಎಲ್ಲರೂ ಫೋನ್ ಮಾಡಿ "ಅತ್ತಳಾ, ಅತ್ತಳಾ" ಅಂತ ಕೇಳ್ತಿದ್ದೀರಿ. ಅಳಲಿಲ್ಲ. ಅವಳ ಅಮ್ಮನೂ ಅಳಲಿಲ್ಲ. ಇನ್ನು ಮನೆಯಲ್ಲಿ ಉಳಿದವರು ಯಾರು ಅಂತ ನೀವೇ ಲೆಕ್ಕ ಹಾಕಿಕೊಳ್ಳಿ. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಎಲ್ಲ ಒಂದೇ ಕಡೆ ಬರೆಯುತ್ತಿದ್ದೇನೆ. ಉದ್ದ ಆಗುತ್ತೆ. ಓದಲಿಕ್ಕೆ ಪುರುಸೊತ್ತು ಇಲ್ಲದವರು ಫೋಟೋ ನೋಡಿ ಒಂದು ಲೈಕ್ ಒತ್ತಿ ಹೋಗಿ, ಬೇಜಾರಿಲ್ಲ.

ಈ ವರ್ಷ ಮಳೆ ಬೇಗ ಹಿಡಿಯಿತು. ಮೇ ಕೊನೆಯ ವಾರದಲ್ಲೇ ನಮ್ಮ ತೀರ್ಥಹಳ್ಳಿ ಕಡೆ ಆಷಾಢದ ಹಾಗೆ ಸುರಿಯಿತು. ಮನೆಯಿಂದ ಶಾಲೆಗೆ ತೋಟ ದಾಟಿ, ಕಾಲುಸಂಕ ದಾಟಿ, ಗದ್ದೆ ಬದುವಿನ ಮೇಲೆ ಹೋಗಬೇಕು. ಬೈಕಿನಲ್ಲಿ ಬಿಡ್ತೀನಿ ಅಂದರೆ ಒಪ್ಪಲಿಲ್ಲ. ಪಕ್ಕದ ಮನೆಯ ನಾಲ್ಕನೇ ಕ್ಲಾಸಿನ ಅಕ್ಕನ ಜೊತೆ ನಡೆದೇ ಹೋಗ್ತಾಳಂತೆ. ಸರಿ, ನಾನೂ ಹಿಂದೆ ಹಿಂದೆ ನಡೆದೆ. ಸಂಕದ ಹತ್ತಿರ ಕೈ ಚಾಚಿದೆ, ಹಿಡಿಯಲಿಲ್ಲ. ಆದರೆ ಕಾಲಿಗೆ ಉಂಬಳ ಹತ್ತಿದ್ದು ಕಂಡಾಗ "ಅಪ್ಪಾ" ಅಂತ ಕೂಗಿದ ಕೂಗು ಆಚೆ ಗುಡ್ಡಕ್ಕೆ ಕೇಳಿಸಿರಬೇಕು. ಜೇಬಿನಲ್ಲಿ ಉಪ್ಪಿನ ಪೊಟ್ಟಣ ಇತ್ತು. ಅಷ್ಟು ಹೊತ್ತಿಗಾದರೂ ನಾನು ಬೇಕಾದೆನಲ್ಲ ಅಂತ ಖುಷಿಯಾಯಿತು, ನಿಜ ಹೇಳ್ತೀನಿ.

ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಅನ್ನುವ ನಿಯಮದಿಂದ ಎಷ್ಟೋ ಮನೆಗಳಲ್ಲಿ ತಲೆಬಿಸಿ ಆಗಿತ್ತು. ಕೊನೆಗೆ ಸರ್ಕಾರ 2025-26ಕ್ಕೆ ಮಾತ್ರ ಅಂತ ಸ್ವಲ್ಪ ಸಡಿಲ ಮಾಡಿತು. ನಮಗೆ ಆ ಗೋಜೇ ಇರಲಿಲ್ಲ. ಇವಳು 2019ರ ಮಾರ್ಚಿನವಳು. ಒಂದು ವರ್ಷ ತುಂಬಿದ ತಿಂಗಳಲ್ಲೇ ಲಾಕ್‌ಡೌನ್ ಬಂದು, ಕರೆದ ನೆಂಟರೆಲ್ಲ ಬರಲಾಗದೆ, ಮಾಡಿಸಿಟ್ಟ ಹೋಳಿಗೆಯನ್ನು ನಾವೇ ವಾರಗಟ್ಟಲೆ ತಿಂದೆವಲ್ಲ, ಆ ಮಗು ಇದೇ.

ಪೇಟೆಯ ಇಂಗ್ಲಿಷ್ ಮೀಡಿಯಂಗೆ ಯಾಕೆ ಹಾಕಲಿಲ್ಲ ಅಂತ ಕೇಳುವವರಿಗೆ: ಹಳದಿ ವ್ಯಾನು ಬೆಳಿಗ್ಗೆ ಏಳೂವರೆಗೆ ಬರುತ್ತೆ, ನಮ್ಮ ಹುಡುಗಿ ಏಳೂವರೆಗೆ ಏಳುವುದೇ ಇಲ್ಲ. ಇನ್ನೊಂದು ಕಾರಣವೂ ಇದೆ. ಅದಕ್ಕೇ ಈ ಇಡೀ ಪೋಸ್ಟು. ಮುಂದೆ ಹೇಳ್ತೀನಿ.

ಎರಡನೇ ಫೋಟೋ ಪ್ರಾರಂಭೋತ್ಸವದ್ದು. ಗೇಟಿಗೆ ಮಾವಿನ ತೋರಣ, ಬಾಗಿಲಲ್ಲಿ ರಂಗೋಲಿ. ಅರ್ಧ ರಂಗೋಲಿ ಮಳೆ ನೀರಿಗೆ ಹೋಗಿತ್ತು. ಒಂದನೇ ಕ್ಲಾಸಿಗೆ ಈ ಸಲ ನಾಲ್ಕು ಮಕ್ಕಳು. ನಾಲ್ಕೇ ಅಂತ ನಗಬೇಡಿ. ಹೋದ ವರ್ಷ ಎರಡಿತ್ತು, ಹೆಡ್ ಮೇಷ್ಟ್ರು ಮನೆ ಮನೆ ತಿರುಗಿ ಮಕ್ಕಳನ್ನು ಹುಡುಕಿದ್ದಾರೆ. ನಾಲ್ಕೂ ಮಕ್ಕಳಿಗೆ ಆರತಿ ಎತ್ತಿ, ಹೂ ಕೊಟ್ಟು, ಪಠ್ಯಪುಸ್ತಕ ಕೈಗಿಟ್ಟರು. ಎಸ್‌ಡಿಎಂಸಿ ಅಧ್ಯಕ್ಷರು ಎರಡು ಮಾತು ಅಂತ ಎದ್ದವರು ಇಪ್ಪತ್ತು ನಿಮಿಷ ಮಾತಾಡಿದರು. ಅದನ್ನು ಬಿಟ್ಟುಬಿಡೋಣ.

ನಲಿಕಲಿ ಕೋಣೆ ನೋಡಿ ಮಾತ್ರ ನನಗೆ ಹೊಟ್ಟೆಕಿಚ್ಚಾಯಿತು. ಒಂದರಿಂದ ಮೂರನೇ ಕ್ಲಾಸಿನವರೆಗೆ ಎಲ್ಲರೂ ಒಟ್ಟಿಗೆ ಕೂರುತ್ತಾರೆ. ಮೊಣಕಾಲೆತ್ತರದ ದುಂಡು ಮೇಜುಗಳು. ಗೋಡೆಯ ಬುಡದಲ್ಲೇ ಉದ್ದಕ್ಕೂ ಕಪ್ಪು ಹಲಗೆ, ಮಕ್ಕಳು ಕೂತಲ್ಲೇ ಬರೆಯಬಹುದು. ನಮ್ಮ ಕಾಲದಲ್ಲಿ ಬೋರ್ಡು ಮುಟ್ಟಿದರೆ ಬೆನ್ನಿಗೆ ಬೀಳ್ತಿತ್ತು. ಈ ಪದ್ಧತಿ ಶುರುವಾಗಿದ್ದು 1995ರಲ್ಲಿ, ನಮ್ಮದೇ ರಾಜ್ಯದ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ. ನಾನು ಒಂದನೇ ಕ್ಲಾಸಿಗೆ ಬಂದದ್ದು 1999ರಲ್ಲಿ, ಆಗ ಅದು ನಮ್ಮೂರಿಗೆ ಇನ್ನೂ ತಲುಪಿರಲಿಲ್ಲ. ನಮಗೆ ಸಿಕ್ಕಿದ್ದು ಮರಳು, ಮಗ್ಗಿ, ಮತ್ತು ಬೆತ್ತ.

ಅಜ್ಜ ರಜೆಯಿಡೀ ಕೂರಿಸಿಕೊಂಡು ಇವಳಿಗೆ ಅ ಆ ಇ ಈ ತಿದ್ದಿಸಿದ್ದರು. ಟೀಚರ್ ಕೇಳುವ ಮೊದಲೇ "ನಂಗೆ ಅ ಬರುತ್ತೆ" ಅಂತ ಎದ್ದು ನಿಂತಳು. ಟೀಚರ್ ನಕ್ಕು, "ಅದಕ್ಕೆ ಸ್ವಲ್ಪ ತಡಿ ಮರಿ, ಮೊದಲು ರ" ಅಂದರು. ಅಲ್ಲಿ ರ ಗ ಸ ದ ಮುಗಿದ ಮೇಲೆ ಅ. ಬರೆಯಲಿಕ್ಕೆ ಸುಲಭದ ಅಕ್ಷರ ಮೊದಲು, ಜೊತೆಗೆ ಮೂರು ಅಕ್ಷರ ಕಲಿಯುವಷ್ಟರಲ್ಲೇ ಸರ, ಗರಗಸ ಅಂತ ಓದಿಬಿಡಬಹುದು. ಇದನ್ನು ಸಂಜೆ ಅಜ್ಜನಿಗೆ ಹೇಳಿದರೆ ಅವರು ನಂಬಲು ತಯಾರಿಲ್ಲ. "ಅ ಬಿಟ್ಟು ರ ಇಂದ ಶುರು ಮಾಡೋದಾ? ಬುಡ ಬಿಟ್ಟು ಕೊಂಬೆ ಹತ್ತಿದ ಹಾಗಾಯ್ತು" ಅಂತ ಇನ್ನೂ ಗೊಣಗುತ್ತಿದ್ದಾರೆ.

ಈಗ ಮೂರನೇ ಫೋಟೋ. ಸ್ವಲ್ಪ ಮಸುಕಾಗಿದೆ, ಕೈ ನಡುಗಿತ್ತು. ಶಾಲೆಯ ಅಡುಗೆ ಕೋಣೆ. ಎಡಗಡೆ ಸೌಟು ಹಿಡಿದು ನಿಂತವರು ನನ್ನ ಅಮ್ಮ.

ಗೊತ್ತಿಲ್ಲದವರಿಗೆ ಹೇಳ್ತೀನಿ. ನಮ್ಮ ಜಿಲ್ಲೆಗೆ ಅಕ್ಷರ ದಾಸೋಹದ ಬಿಸಿಯೂಟ ಬಂದಿದ್ದು 2003ರಲ್ಲಿ. ಆಗಿಂದ ಅಮ್ಮ ಅಲ್ಲಿ ಅಡುಗೆ ಮಾಡುತ್ತಿದ್ದಾಳೆ. ನಾನಾಗ ಐದನೇ ಕ್ಲಾಸು. ಅಮ್ಮನೇ ಬಡಿಸುವುದು ಅಂದರೆ ನನಗೆ ಎರಡು ಸೌಟು ಜಾಸ್ತಿ ಬೀಳುತ್ತೆ ಅಂತ ಗೆಳೆಯರ ಮುಂದೆ ಜಂಬ ಕೊಚ್ಚಿದ್ದೆ. ಸಾಲಿನಲ್ಲಿ ನನ್ನ ಸರದಿ ಬಂದಾಗ ಎಲ್ಲರಿಗೂ ಹಾಕಿದಷ್ಟೇ ಹಾಕಿ, "ಮುಂದೆ ಹೋಗು" ಅಂದಳು. ಮುಖ ಕೂಡ ನೋಡಲಿಲ್ಲ. ರಾತ್ರಿ ಮನೆಯಲ್ಲಿ ಜಗಳ ಆಡಿದೆ. "ಶಾಲೆಯಲ್ಲಿ ಅಷ್ಟೂ ಮಕ್ಕಳು ನಂದೇ" ಅಂದಿದ್ದಳು. ಹತ್ತು ವರ್ಷದ ಹುಡುಗನಿಗೆ ಅದು ಎಲ್ಲಿ ತಲೆಗೆ ಹೋಗುತ್ತೆ?

ಬೆಳಿಗ್ಗೆ ಎದ್ದು ಮನೆ ಅಡುಗೆ ಮುಗಿಸಿ, ಅಲ್ಲಿ ಹೋಗಿ ಹಾಲು ಕಾಯಿಸಿ, ಅಕ್ಕಿ ಆರಿಸಿ, ತರಕಾರಿ ಹೆಚ್ಚಿ, ಮೊಟ್ಟೆ ಬೇಯಿಸಿ, ಕೊನೆಗೆ ಪಾತ್ರೆ ತೊಳೆದು ಮೂರು ಗಂಟೆಗೆ ಬರುತ್ತಾಳೆ. ಕೊಡುವುದನ್ನು ಸಂಬಳ ಅನ್ನಲ್ಲ, ಗೌರವಧನ ಅಂತಾರೆ. ಗೌರವ ಎಷ್ಟಿದೆಯೋ, ಧನ ಮಾತ್ರ ಬಹಳ ಕಮ್ಮಿ. ಇರಲಿ. ಈಗ ಅವಳಿಗೆ ಐವತ್ತೆಂಟು. ಅರವತ್ತಕ್ಕೆ ಬಿಡಿಸುತ್ತಾರೆ. ಮೊಮ್ಮಗಳನ್ನು ಇದೇ ಶಾಲೆಗೆ ಹಾಕಲು ನನಗಿದ್ದ ಇನ್ನೊಂದು ಕಾರಣ ಇದು. ಅಮ್ಮ ಬಾಯಿ ಬಿಟ್ಟು ಕೇಳಿರಲಿಲ್ಲ. ಆದರೆ ವ್ಯಾನಿನ ಮಾತು ಬಂದಾಗಲೆಲ್ಲ ಸುಮ್ನೆ ಎದ್ದು ಹಿತ್ತಲಿಗೆ ಹೋಗ್ತಿದ್ದಳು.

ನಿನ್ನೆ ರಾತ್ರಿ ಅಜ್ಜಿ ಮೊಮ್ಮಗಳ ಒಪ್ಪಂದ ನಡೆಯಿತು. "ಶಾಲೆಯಲ್ಲಿ ಅಜ್ಜೀ ಅಂತ ಓಡಿಕೊಂಡು ಬರಬಾರದು. ಸೆರಗು ಹಿಡಿಯಬಾರದು."

"ಮತ್ತೆ ಏನಂತ ಕರೀಲಿ?"

"ಎಲ್ಲರೂ ಕರೆಯುವ ಹಾಗೆ. ಅಡುಗೆ ಅಕ್ಕ ಅನ್ನು."

ಇವಳು ಬಿದ್ದು ಬಿದ್ದು ನಕ್ಕಳು. ನಾವೂ ನಕ್ಕೆವು. ಬೆಳಿಗ್ಗೆ ಹೊತ್ತಿಗೆ ಮರೆತಿರುತ್ತಾಳೆ ಅಂತ ಅಂದುಕೊಂಡಿದ್ದೆ.

ಇವತ್ತು ಪೋಷಕರಿಗೂ ಊಟ ಇತ್ತು. ಅನ್ನ, ಸಾಂಬಾರು, ಮೊದಲ ದಿನ ಅಂತ ಪಾಯಸ. ನಾನು ಕಂಬಕ್ಕೆ ಒರಗಿ ನಿಂತು ನೋಡ್ತಿದ್ದೆ. ಮಕ್ಕಳು ಕೈ ತೊಳೆದು ಸಾಲಾಗಿ ಬಂದರು. ಸಾನ್ವಿ ಎರಡೂ ಕೈಯಲ್ಲಿ ತಟ್ಟೆ ಎದೆಗೆ ಅವುಚಿಕೊಂಡು, ಮುಂದಿನವಳ ಜಡೆಗೆ ಮೂಗು ತಾಗುವಷ್ಟು ಹತ್ತಿರ ನಿಂತಿದ್ದಳು. ಅಮ್ಮನ ಮುಂದೆ ಬಂದಳು. ಅಮ್ಮ ಅನ್ನ ಹಾಕಿದಳು, ಸಾಂಬಾರು ಹಾಕಿದಳು. ಎಲ್ಲರಿಗೂ ಹಾಕಿದಷ್ಟೇ, ನಾನು ಚೆನ್ನಾಗಿ ನೋಡಿದ್ದೇನೆ.

"ಅಕ್ಕ, ನಂಗೆ ಬೀನ್ಸ್ ಬೇಡ" ಅಂದಳು ನಮ್ಮ ಹುಡುಗಿ.

"ಬೀನ್ಸ್ ತಿನ್ನಬೇಕು. ಮುಂದೆ ಹೋಗು."

ಹಿಂದೆ ನಿಂತಿದ್ದ ದೊಡ್ಡ ಹುಡುಗಿಯೊಬ್ಬಳು ಕಿಸಕ್ಕನೆ ನಕ್ಕಳು. "ಅವರು ನಿನ್ನ ಅಜ್ಜಿ ಅಲ್ವೇನೆ?"

ಸಾನ್ವಿ ತಿರುಗಿ ನೋಡಿ, ಬಹಳ ಗಂಭೀರವಾಗಿ ಹೇಳಿದಳು: "ಇಲ್ಲಿ ಅಲ್ಲ. ಮನೆಗೆ ಹೋದ ಮೇಲೆ."

ಅಮ್ಮ ಸೌಟನ್ನು ಪಾತ್ರೆಯಲ್ಲೇ ಬಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡಳು. ಒಲೆ ಝಳ ಅಂದಳು. ಗ್ಯಾಸ್ ಒಲೆ ಆರಿಸಿ ಅರ್ಧ ಗಂಟೆಯಾಗಿತ್ತು. ನನ್ನದೂ ಅದೇ ಕಥೆ ಬಿಡಿ. ಮಳೆಯಲ್ಲಿ ನೆನೆದವನ ಹಾಗೆ ಕರವಸ್ತ್ರ ತೆಗೆದು ಮುಖ ಒರೆಸಿಕೊಳ್ಳುತ್ತಾ ನಿಂತೆ. ನನ್ನ ಹೆಂಡತಿ ಪಕ್ಕದಲ್ಲಿ ನಿಂತು, "ರೀ, ಎಲ್ಲ ನೋಡ್ತಿದ್ದಾರೆ" ಅಂದಳು. ನೋಡಲಿ. ಮಂಡಿಯಲ್ಲಿ ದಿನವಿಡೀ ಅಡಿಕೆ ತೂಕ ಬರೆಯುವವನು ನಾನು, ಲೆಕ್ಕದವನಿಗೆ ಕಣ್ಣೀರು ಬರಬಾರದು ಅಂತ ಎಲ್ಲೂ ಬರೆದಿಲ್ಲ.

ಅವಳು ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ಇಬ್ಬರು ದೊಡ್ಡ ಹುಡುಗಿಯರ ನಡುವೆ ಚಕ್ಕಲಮಕ್ಕಲ ಹಾಕಿ ಕೂತು, ಒಂದೊಂದೇ ಬೀನ್ಸ್ ಆರಿಸಿ ತಟ್ಟೆಯ ಅಂಚಿಗೆ ಇಟ್ಟು, ಮೇಷ್ಟ್ರು ಹತ್ತಿರ ಬಂದ ಕೂಡಲೇ ಎಲ್ಲವನ್ನೂ ಒಟ್ಟಿಗೆ ಬಾಯಿಗೆ ತುಂಬಿಕೊಂಡಳು. ಆಮೇಲೆ ನಲ್ಲಿ ಹತ್ತಿರ ಹೋಗಿ ತಾನೇ ತಟ್ಟೆ ತೊಳೆದಳು. ಮನೆಯಲ್ಲಿ ತಿಂದ ತಟ್ಟೆಯನ್ನು ಒಂದು ದಿನ ಎತ್ತಿದವಳಲ್ಲ. ಅಂಗಿ ಮುಂಭಾಗ ಪೂರ್ತಿ ಒದ್ದೆ. ನಾಲ್ಕನೇ ಫೋಟೋ ಅದೇ.

ಸಂಜೆ ಬರುವಾಗ ನಾನು ಗೇಟಿನ ಹತ್ತಿರ ಕಾಯ್ತಿದ್ದೆ. ಗೇಟು ದಾಟಿ ಎರಡು ಹೆಜ್ಜೆ ಇಟ್ಟಿದ್ದಳೋ ಇಲ್ಲವೋ, ಹಿಂದೆ ತಿರುಗಿ "ಅಜ್ಜೀ, ಎತ್ಕೋ" ಅಂದಳು. ಶಾಲೆ ಮುಗೀತಲ್ಲ, ಒಪ್ಪಂದವೂ ಮುಗೀತು. ಅಮ್ಮನಿಗೆ ಮೊಣಕಾಲು ನೋವು, ವೈದ್ಯರು ಭಾರ ಎತ್ತಬೇಡಿ ಅಂದಿದ್ದಾರೆ. ಎತ್ತಿಕೊಂಡಳು. ನಾನು ಬ್ಯಾಗು, ಕೊಡೆ, ಊಟದ ತಟ್ಟೆ ಎಲ್ಲ ಹಿಡಿದು ಹಿಂದೆ ಬಂದೆ.

ಮನೆಗೆ ಬಂದ ಮೇಲೆ ಏನು ಕಲಿತೆ ಅಂತ ಕೇಳಿದರೆ "ರ" ಅಂದಳು. ಇನ್ನೇನು ಅಂದರೆ, ಪಕ್ಕದಲ್ಲಿ ಕೂತ ಹುಡುಗನಿಗೆ ಮೂಗು ಒರೆಸಿಕೊಳ್ಳಲು ಬರಲ್ಲ ಅಂದಳು. ಬೇರೆ ವರದಿ ಏನೂ ಸಿಗಲಿಲ್ಲ. ಆರು ವರ್ಷ ಇವಳ ದಿನದ ಒಂದೊಂದು ನಿಮಿಷವೂ ನಮಗೆ ಗೊತ್ತಿರುತ್ತಿತ್ತು. ಈಗ ಕೇಳಿ ತಿಳಿದುಕೊಳ್ಳಬೇಕು, ಅದೂ ಅವಳಿಗೆ ಹೇಳುವ ಮನಸ್ಸಿದ್ದರೆ. ಅದೊಂದು ಸ್ವಲ್ಪ ಹೊಟ್ಟೆಯಲ್ಲಿ ಕಿವುಚುತ್ತೆ.

ಆಶೀರ್ವಾದ ಕಳಿಸಿದ ಎಲ್ಲರಿಗೂ ಥ್ಯಾಂಕ್ಸ್. ಸಾಗರದ ಅಕ್ಕಾ, ನೀನು ಕೊಟ್ಟ ಸ್ಟೀಲ್ ತಟ್ಟೆ ಇವತ್ತು ಬೇರೆಯವರದ್ದರ ಜೊತೆ ಅದಲುಬದಲಾಗಿ ಬಂದಿದೆ. ನಾಳೆ ಹುಡುಕಿ ತರ್ತೀನಿ. ಮುಂದಿನ ವಾರ ಬಂದಾಗ ಪಾತ್ರೆ ಅಂಗಡಿಗೆ ತೆಗೆದುಕೊಂಡು ಹೋಗಿ ಅದರ ಮೇಲೆ ಹೆಸರು ಹಾಕಿಸಿಬಿಡು. ಅಕ್ಷರ ದೊಡ್ಡದಾಗಿ ಕೊರೆಯಲಿಕ್ಕೆ ಹೇಳು. ಸ ಹೇಗೂ ಬೇಗ ಬರುತ್ತೆ, ನ್ವಿಗೆ ಸ್ವಲ್ಪ ದಿನ ಬೇಕು.